ಕೊಲೆಸ್ಟೆರಾಲ್: ತೂಕದ ಲೆಕ್ಕ, ಎಣಿಕೆಯ ಲೆಕ್ಕ



ಮದ್ದೂರು ತಾಲೂಕಿನ ನಮ್ಮ ನಿಡಘಟ್ಟದ ಸುತ್ತಮುತ್ತ ಬೆಳೆಯುವ ಎರಡು ಪದಾರ್ಥಗಳು ಎರಡು ಬೇರೆ ಬೇರೆ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಕಬ್ಬನ್ನು ಯಾರೂ ಜಲ್ಲೆ ಜಲ್ಲೆಯಾಗಿ ಎಣಿಸಿ ಕಾರ್ಖಾನೆಗೆ ಕೊಡುವುದಿಲ್ಲ. ಅದು ಟನ್ನಿನ ಲೆಕ್ಕ. ಮದ್ದೂರಿನ ಮಾರುಕಟ್ಟೆಗೆ ಹೋಗುವ ಎಳನೀರನ್ನು ಯಾರೂ ತೂಗುವುದಿಲ್ಲ; ಅದು ಎಣಿಕೆಯ ಲೆಕ್ಕ. ಒಂದು ಲಾರಿ ಎಳನೀರು ಮೂರು ಸಾವಿರ ಕಿಲೋ ತೂಗಿತೆಂದು ಯಾರಾದರೂ ಹೇಳಿದರೆ ವ್ಯಾಪಾರಿಗೆ ಅದರಿಂದ ತೃಪ್ತಿಯಾಗದು. ಒಂದೊಂದು ಕಾಯಿ ಸುಮಾರು ಎರಡು ಕಿಲೋ ಎಂದು ಅವನಿಗೆ ತಿಳಿದಿರುವುದರಿಂದ, ಮೂರು ಸಾವಿರವನ್ನು ಎರಡರಿಂದ ಭಾಗಿಸಿ ಒಂದೂವರೆ ಸಾವಿರ ಕಾಯಿ ಎಂದು ಮನಸ್ಸಿನಲ್ಲಿಯೇ ಗುಣಿಸಿಕೊಳ್ಳುತ್ತಾನೆ. ಅದೇ ಲಾರಿಯಲ್ಲಿ ಸುಲಿದ ತೆಂಗಿನಕಾಯಿ ಇದ್ದರೆ? ಸುಲಿದ ಕಾಯಿ ಅರ್ಧ ಕಿಲೋ. ಆಗ ಅದೇ ಮೂರು ಸಾವಿರ ಕಿಲೋಗೆ ಆರು ಸಾವಿರ ಕಾಯಿ. ತೂಕದಿಂದ ಎಣಿಕೆಗೆ ಹೋಗಬೇಕಾದರೆ ಒಂದೊಂದು ಕಾಯಿಯ ತೂಕ ಗೊತ್ತಿರಬೇಕು. ಎಳನೀರಿನ ತೂಕವನ್ನು ಸುಲಿದ ಕಾಯಿಗೆ ಹಚ್ಚಿದರೆ ಲೆಕ್ಕ ಕೆಟ್ಟುಹೋಗುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಎಳನೀರಿನ ವಿಚಾರವಲ್ಲ, ರಕ್ತದ ಕೊಲೆಸ್ಟೆರಾಲಿನ ವಿಚಾರ. ಆದರೆ ಲೆಕ್ಕ ಇದೇ. ನಮ್ಮ ದೇಶದ ಪ್ರಯೋಗಶಾಲೆಗಳು ರಕ್ತದಲ್ಲಿರುವ ಕೊಲೆಸ್ಟೆರಾಲನ್ನು ತೂಗುತ್ತವೆ. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳ ಪ್ರಯೋಗಶಾಲೆಗಳು ಅದನ್ನೇ ಎಣಿಸುತ್ತವೆ. ಊರಿನಲ್ಲಿ ತಂದೆತಾಯಿ, ಹೊರದೇಶದಲ್ಲಿ ಮಕ್ಕಳು ಎಂಬ ಸಂಸಾರಗಳು ನಮ್ಮ ಹಳ್ಳಿಗಳಲ್ಲಿಯೂ ಉಂಟಾಗಿರುವ ಈ ಕಾಲದಲ್ಲಿ ಎರಡು ಲೆಕ್ಕದ ಎರಡು ಕಾಗದಗಳು ಒಂದೇ ಮನೆಯ ಮೇಜಿನ ಮೇಲೆ ಬಂದು ಕೂರುವುದು ಅಪರೂಪವಲ್ಲ.

ನಮ್ಮ ಕಡೆಯ ವರದಿಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಎಂ.ಜಿ. ಎಂದು ಬರೆದು, ಓರೆಗೆರೆ ಎಳೆದು, ಡಿ.ಎಲ್. ಎಂದು ಬರೆದಿರುತ್ತಾರೆ. ಒಂದು ಡೆಸಿಲೀಟರ್, ಅಂದರೆ ನೂರು ಮಿಲಿಲೀಟರ್ ರಕ್ತರಸದಲ್ಲಿ ಇಷ್ಟು ಮಿಲಿಗ್ರಾಂ ಪದಾರ್ಥವಿದೆ ಎಂದು ಇದರ ಅರ್ಥ. ಇಂಗ್ಲೆಂಡಿನ ವರದಿಯಲ್ಲಿ ಎಂ.ಎಂ.ಓ.ಎಲ್. ಎಂಬ ಅಕ್ಷರಗಳೂ ಓರೆಗೆರೆಯ ಆಚೆ ಎಲ್. ಎಂಬ ಅಕ್ಷರವೂ ಇರುತ್ತವೆ. ಒಂದು ಲೀಟರ್ ರಕ್ತರಸದಲ್ಲಿ ಇಷ್ಟು ಮಿಲಿಮೋಲ್ ಎಂದು ಅದರ ಅರ್ಥ. ಮೋಲ್ ಎಂಬುದು ಡಜನ್ ಎಂಬಂತೆ ಒಂದು ಎಣಿಕೆಯ ಹೆಸರು. ಡಜನ್ ಎಂದರೆ ಹನ್ನೆರಡು; ಮೋಲ್ ಎಂದರೆ 6ರ ಮುಂದೆ 23 ಸೊನ್ನೆಗಳನ್ನಿಟ್ಟರೆ ಸರಿಸುಮಾರು ಆಗುವಷ್ಟು ಅಣುಗಳು. ಮಿಲಿಮೋಲ್ ಅದರ ಸಾವಿರದ ಒಂದು ಪಾಲು. 1971ರಲ್ಲಿ ಈ ಮೋಲ್ ಅಂತಾರಾಷ್ಟ್ರೀಯ ಮಾನಗಳ ಮೂಲ ಪಂಕ್ತಿಗೆ ಸೇರಿತು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ವೈದ್ಯಕೀಯದಲ್ಲಿಯೂ ಅಂತಾರಾಷ್ಟ್ರೀಯ ಮಾನಗಳನ್ನು ಬಳಸಬೇಕೆಂದು ಸೂಚಿಸಿತು. ಬ್ರಿಟನ್ನಿನ ಆಸ್ಪತ್ರೆಗಳು ಅದಕ್ಕೂ ಎರಡು ವರ್ಷ ಮೊದಲೇ ಆ ಕಡೆಗೆ ತಿರುಗಿದ್ದವು. ಅಮೆರಿಕ, ಜಪಾನ್ ಮತ್ತು ನಮ್ಮ ದೇಶದಲ್ಲಿ ಮಿಲಿಗ್ರಾಮೇ ಉಳಿಯಿತು. ಇಲ್ಲಿ ಒಂದು ವಿನೋದವಿದೆ. ಸೇರು ಮಣಗಳನ್ನು ಬಿಟ್ಟು ಕಿಲೋಗ್ರಾಮಿಗೆ ಬಂದ ನಾವು ರಕ್ತವನ್ನು ಹಳೆಯ ರೀತಿಯಲ್ಲಿಯೇ ತೂಗುತ್ತಿದ್ದೇವೆ. ರಸ್ತೆಯ ದೂರವನ್ನು ಇಂದಿಗೂ ಮೈಲಿಯಲ್ಲಿ ಅಳೆಯುವ ಇಂಗ್ಲಿಷರು ರಕ್ತದ ಮಟ್ಟಿಗೆ ನವೀನರಾಗಿದ್ದಾರೆ.

ಎಳನೀರಿನ ವ್ಯಾಪಾರಿಗೆ ಬೇಕಾದಂತೆ ನಮಗೂ ಒಂದೊಂದು ಅಣುವಿನ ತೂಕ ಬೇಕು. ಕೊಲೆಸ್ಟೆರಾಲಿನ ಒಂದು ಅಣುವಿನಲ್ಲಿ 27 ಇಂಗಾಲ, 46 ಜಲಜನಕ, ಒಂದು ಆಮ್ಲಜನಕದ ಪರಮಾಣುಗಳಿವೆ. ಇವೆಲ್ಲವನ್ನೂ ಕೂಡಿಸಿದರೆ ಅದರ ಒಂದು ಮಿಲಿಮೋಲಿನ ತೂಕ ಸುಮಾರು 386.7 ಮಿಲಿಗ್ರಾಂ ಆಗುತ್ತದೆ. ಲೀಟರಿನಲ್ಲಿ ಒಂದು ಮಿಲಿಮೋಲ್ ಇದ್ದರೆ, ಲೀಟರಿನಲ್ಲಿ 386.7 ಮಿಲಿಗ್ರಾಂ ಇದೆ. ಲೀಟರಿನ ಹತ್ತನೆಯ ಒಂದು ಪಾಲಾದ ಡೆಸಿಲೀಟರಿನಲ್ಲಿ 38.67 ಮಿಲಿಗ್ರಾಂ. ಪುಸ್ತಕಗಳಲ್ಲಿ ಕಾಣಿಸುವ 38.67 ಎಂಬ ಸಂಖ್ಯೆ ಬಂದದ್ದು ಇಲ್ಲಿಂದ. ಅದು ಯಾರೋ ಗೊತ್ತುಮಾಡಿದ ಸಂಪ್ರದಾಯವಲ್ಲ, ಕೊಲೆಸ್ಟೆರಾಲೆಂಬ ಪದಾರ್ಥದ ಮೈತೂಕ. ಇಂಗ್ಲೆಂಡಿನ ಸಂಖ್ಯೆಯನ್ನು ಅದರಿಂದ ಗುಣಿಸಿದರೆ ನಮ್ಮ ಸಂಖ್ಯೆ. ನಮ್ಮ ಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಇಂಗ್ಲೆಂಡಿನ ಸಂಖ್ಯೆ.

ಯಂತ್ರವಿಲ್ಲದೆ ಬಾಯಲ್ಲಿಯೇ ಮಾಡುವವರಿಗೆ ಒಂದು ಸುಲಭ ಮಾರ್ಗವಿದೆ. ಇಂಗ್ಲೆಂಡಿನ ಸಂಖ್ಯೆಯನ್ನು ನಲವತ್ತರಿಂದ ಗುಣಿಸಿ, ಬಂದ ಮೊತ್ತದಲ್ಲಿ ಮೂವತ್ತನೆಯ ಒಂದು ಪಾಲನ್ನು ಕಳೆಯಿರಿ. 6 ಎಂದಿದ್ದರೆ ನಲವತ್ತರಿಂದ 240; ಅದರ ಮೂವತ್ತನೆಯ ಪಾಲು 8; ಕಳೆದರೆ 232. ಯಂತ್ರವೂ 232 ಎಂದೇ ಹೇಳುತ್ತದೆ.

ಈ ಪದಾರ್ಥದ ಹೆಸರಿನ ಬಗ್ಗೆ ಕನ್ನಡ ಮೇಷ್ಟರೊಬ್ಬನು ಒಂದು ಮಾತು ಹೇಳದೆ ಮುಂದೆ ಹೋಗುವುದು ಕಷ್ಟ. ಪಿತ್ತಕೋಶದ ಕಲ್ಲುಗಳಲ್ಲಿ ದೊರೆತ ಈ ಮೇಣದಂಥ ವಸ್ತುವಿಗೆ 1815ರ ಸುಮಾರಿನಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೇಲ್ ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ ಹೆಸರಿಟ್ಟನು. ಒಂದಕ್ಕೆ ಪಿತ್ತವೆಂದೂ ಇನ್ನೊಂದಕ್ಕೆ ಘನವೆಂದೂ ಅರ್ಥ. ನಾವು ಪಿತ್ತಘನವೆಂದು ಕರೆದಿದ್ದರೆ ತಪ್ಪಾಗುತ್ತಿರಲಿಲ್ಲ. ಆದರೆ ಆ ಹೆಸರಿನಿಂದ ಔಷಧದಂಗಡಿಯಲ್ಲಿ ಏನೂ ದೊರೆಯುತ್ತಿರಲಿಲ್ಲ.

ಇನ್ನು ವರದಿಯೊಳಕ್ಕೆ ಬರೋಣ. ಅದರಲ್ಲಿ ಒಟ್ಟು ಕೊಲೆಸ್ಟೆರಾಲ್, ಎಚ್.ಡಿ.ಎಲ್., ಎಲ್.ಡಿ.ಎಲ್., ಟ್ರೈಗ್ಲಿಸರೈಡ್ ಎಂದು ನಾಲ್ಕು ಸಾಲುಗಳಿರುತ್ತವೆ. ಎಚ್.ಡಿ.ಎಲ್. ಎಂಬುದೂ ಎಲ್.ಡಿ.ಎಲ್. ಎಂಬುದೂ ಬೇರೆ ಬೇರೆ ಪದಾರ್ಥಗಳಾದುದರಿಂದ ಅವಕ್ಕೆ ಬೇರೆ ಬೇರೆ ಸಂಖ್ಯೆ ಬೇಕಲ್ಲವೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಬುದ್ಧಿವಂತಿಕೆಯದೇ. ಆದರೆ ಅವು ಕೊಲೆಸ್ಟೆರಾಲನ್ನು ಹೊತ್ತು ರಕ್ತದಲ್ಲಿ ತಿರುಗುವ ಗಾಡಿಗಳು. ವರದಿಯಲ್ಲಿ ಬರೆಯುವುದು ಗಾಡಿಯ ತೂಕವನ್ನಲ್ಲ, ಗಾಡಿಯಲ್ಲಿರುವ ಕೊಲೆಸ್ಟೆರಾಲಿನ ತೂಕವನ್ನು. ಎತ್ತಿನ ಗಾಡಿಯಲ್ಲಿ ಹೋದರೂ ಟ್ರ್ಯಾಕ್ಟರಿನಲ್ಲಿ ಹೋದರೂ ಬೆಲ್ಲ ಬೆಲ್ಲವೇ. ಆದುದರಿಂದ ಮೊದಲ ಮೂರು ಸಾಲುಗಳಿಗೂ 38.67 ಸಲ್ಲುತ್ತದೆ.

ನಾಲ್ಕನೆಯ ಸಾಲಿಗೆ ಮಾತ್ರ ಅದು ಸಲ್ಲುವುದಿಲ್ಲ. ಟ್ರೈಗ್ಲಿಸರೈಡ್ ಕೊಲೆಸ್ಟೆರಾಲ್ ಅಲ್ಲ. ಅದು ನಾವು ಉಣ್ಣುವ ಎಣ್ಣೆ ಬೆಣ್ಣೆಗಳ ಜಾತಿಯ ಕೊಬ್ಬು. ಗ್ಲಿಸರಾಲೆಂಬ ಒಂದು ಕಾಂಡಕ್ಕೆ ಮೂರು ಉದ್ದನೆಯ ಕೊಬ್ಬಿನ ಆಮ್ಲಗಳು ಜೋತುಬಿದ್ದಿರುವ ದೊಡ್ಡ ಅಣು. ಆ ಮೂರು ಆಮ್ಲಗಳು ಎಲ್ಲ ಅಣುಗಳಲ್ಲಿಯೂ ಒಂದೇ ಆಗಿರುವುದಿಲ್ಲವಾದುದರಿಂದ ಅದಕ್ಕೆ ಒಂದೇ ಖಚಿತವಾದ ತೂಕವೂ ಇಲ್ಲ. ಮಿಲಿಮೋಲಿಗೆ ಸುಮಾರು 885 ಮಿಲಿಗ್ರಾಂ ಎಂಬ ಸರಾಸರಿಯನ್ನು ಒಪ್ಪಿಕೊಂಡು, 88.57 ಎಂಬ ಸಂಖ್ಯೆಯನ್ನು ಬಳಸುತ್ತಾರೆ. ಕೊಲೆಸ್ಟೆರಾಲಿನ ಸಂಖ್ಯೆಗಿಂತ ಇದು ಎರಡು ಪಟ್ಟಿಗೂ ಹೆಚ್ಚು. ಒಂದು ಸುಲಿದ ಕಾಯಿಯಾದರೆ ಇನ್ನೊಂದು ಎಳನೀರು ಎಂದು ಬೇಕಾದರೆ ನೆನಪಿಟ್ಟುಕೊಳ್ಳಬಹುದು. ಒಂದೇ ಕಾಗದದಲ್ಲಿ, ಒಂದರ ಕೆಳಗೆ ಒಂದಾಗಿ, ಒಂದೇ ಮಾನವನ್ನು ಪಕ್ಕದಲ್ಲಿಟ್ಟುಕೊಂಡು ಈ ನಾಲ್ಕೂ ಸಾಲುಗಳು ನಿಂತಿರುವುದರಿಂದ ನಾಲ್ಕನ್ನೂ ಒಂದೇ ಸಂಖ್ಯೆಯಿಂದ ಗುಣಿಸುವ ಪ್ರಮಾದ ಬಹು ಸುಲಭವಾಗಿ ಆಗುತ್ತದೆ.

ನಮ್ಮ ಊರಿನಲ್ಲಿ ನಡೆದ ಒಂದು ನಿದರ್ಶನವನ್ನು ಹೇಳುತ್ತೇನೆ. ಅರವತ್ತು ದಾಟಿದ ರೈತರೊಬ್ಬರು ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಇಂಗ್ಲೆಂಡಿಗೆ ಹೋಗಿ ಐದು ತಿಂಗಳಿದ್ದು ಬಂದರು. ಹೊರಡುವ ಮೊದಲು ಇಲ್ಲಿ ರಕ್ತ ಪರೀಕ್ಷೆಯಾಗಿತ್ತು. ಒಟ್ಟು ಕೊಲೆಸ್ಟೆರಾಲ್ 218, ಎಚ್.ಡಿ.ಎಲ್. 38, ಎಲ್.ಡಿ.ಎಲ್. 134, ಟ್ರೈಗ್ಲಿಸರೈಡ್ 230. ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಅಲ್ಲಿ ಮಗಳು ಮತ್ತೊಮ್ಮೆ ಪರೀಕ್ಷೆ ಮಾಡಿಸಿದಳು. ಅದೇ ನಾಲ್ಕು ಸಾಲುಗಳಲ್ಲಿ 5.4, 1.0, 3.3, 2.5 ಎಂದು ಬಂದಿತು. ಊರಿಗೆ ಮರಳಿದವರು ಎರಡು ಕಾಗದಗಳನ್ನೂ ಹಿಡಿದು ನಮ್ಮ ಮನೆಗೆ ಬಂದರು.

“ಅಲ್ಲಾ ಮೇಷ್ಟ್ರೇ, ಇನ್ನೂರ ಹದಿನೆಂಟು ಇದ್ದದ್ದು ಐದಕ್ಕೆ ಇಳಿದೈತೆ. ಇನ್ನು ಮಾತ್ರೆ ಯಾತಕ್ಕೆ ನುಂಗಬೇಕು?” ಎಂಬುದು ಅವರ ಪ್ರಶ್ನೆ.

ಇದು ಎರಡು ಮಾನಗಳ ಬೆರಕೆಯೆಂದು ಅವರ ಮೊಮ್ಮಗ ಆಗಲೇ ಹೇಳಿದ್ದನು. ಎಂಜಿನಿಯರಿಂಗ್ ಓದುತ್ತಿರುವ ಹುಡುಗ, 38.67 ಎಂಬ ಸಂಖ್ಯೆಯನ್ನು ಹುಡುಕಿ ನಾಲ್ಕನ್ನೂ ಗುಣಿಸಿ ಕಾಗದದ ಹಿಂದೆ ಬರೆದೂ ಕೊಟ್ಟಿದ್ದನು. ಒಟ್ಟು 209, ಎಚ್.ಡಿ.ಎಲ್. 39, ಎಲ್.ಡಿ.ಎಲ್. 128, ಟ್ರೈಗ್ಲಿಸರೈಡ್ 97. ಅಜ್ಜನಿಗೆ 209 ಎಂಬುದರಿಂದ ನಿರಾಶೆಯಾದರೂ 97 ಎಂಬುದರಿಂದ ಸಮಾಧಾನವಾಗಿತ್ತು. ನೂರೈವತ್ತರೊಳಗೆ ಇರಬೇಕಾದದ್ದು 230 ಇತ್ತು, ಈಗ 97ಕ್ಕೆ ಬಂದಿದೆ. ಇಂಗ್ಲೆಂಡಿನ ಚಳಿಯಲ್ಲಿ ದಿನವೂ ನಡೆದದ್ದರ ಫಲ ಇದು ಎಂದು ಅವರು ತೀರ್ಮಾನಿಸಿಕೊಂಡಿದ್ದರು.

ಲೆಕ್ಕದಲ್ಲಿ ದೋಷವಿದೆಯೆಂದು ಆ ಕಾಗದವೇ ಹೇಳುತ್ತಿತ್ತು. ಹೇಗೆಂದರೆ, ಬಹುತೇಕ ಪ್ರಯೋಗಶಾಲೆಗಳಲ್ಲಿ ಎಲ್.ಡಿ.ಎಲ್. ಎಂಬುದನ್ನು ನೇರವಾಗಿ ಅಳೆಯದೆ ಉಳಿದ ಮೂರು ಸಂಖ್ಯೆಗಳಿಂದ ಲೆಕ್ಕ ಹಾಕಿ ತೆಗೆಯುವ ರೂಢಿ ಬಹುಕಾಲದಿಂದ ಇದೆ. ಅಮೆರಿಕದ ಫ್ರೀಡ್‌ವಾಲ್ಡ್ ಮತ್ತು ಅವರ ಸಂಗಡಿಗರು 1972ರಲ್ಲಿ ಪ್ರಕಟಿಸಿದ ಸೂತ್ರವದು. ಒಟ್ಟು ಕೊಲೆಸ್ಟೆರಾಲಿನಿಂದ ಎಚ್.ಡಿ.ಎಲ್. ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆಯಬೇಕು, ಉಳಿದದ್ದು ಎಲ್.ಡಿ.ಎಲ್. ಟ್ರೈಗ್ಲಿಸರೈಡನ್ನು ಹೊರುವ ಗಾಡಿಯಲ್ಲಿ ಸ್ವಲ್ಪ ಕೊಲೆಸ್ಟೆರಾಲೂ ಇರುತ್ತದೆ; ಅದು ಸುಮಾರು ಐದಕ್ಕೆ ಒಂದರಂತೆ ಎಂಬ ಅಂದಾಜಿನ ಮೇಲೆ ಇದು ನಿಂತಿದೆ. ಊರಿನ ವರದಿಯನ್ನು ನೋಡಿ: 230ರ ಐದನೆಯ ಪಾಲು 46. 218ರಿಂದ 38 ಮತ್ತು 46 ಕಳೆದರೆ 134. ಕಾಗದದಲ್ಲಿಯೂ 134 ಎಂದೇ ಇದೆ. ಈಗ ಮೊಮ್ಮಗನ ಸಂಖ್ಯೆಗಳನ್ನು ಪರೀಕ್ಷಿಸಿ. 97ರ ಐದನೆಯ ಪಾಲು ಸುಮಾರು 19. 209ರಿಂದ 39 ಮತ್ತು 19 ಕಳೆದರೆ 151. ಆದರೆ ಅವನೇ ಬರೆದಿರುವ ಎಲ್.ಡಿ.ಎಲ್. 128. ಇಪ್ಪತ್ತಮೂರರ ಅಂತರ ಎಲ್ಲಿಂದ ಬಂತು?

ಟ್ರೈಗ್ಲಿಸರೈಡನ್ನು ಅದರದೇ ಆದ 88.57ರಿಂದ ಗುಣಿಸಿದೆವು. 2.5 ಎಂಬುದು 221 ಆಯಿತು. 221ರ ಐದನೆಯ ಪಾಲು 44. 209ರಿಂದ 39 ಮತ್ತು 44 ಕಳೆದರೆ 126. ವರದಿಯ 128ಕ್ಕೂ ಇದಕ್ಕೂ ಎರಡೇ ವ್ಯತ್ಯಾಸ. ಅದು ದಶಮಾಂಶಗಳನ್ನು ಮೊಟಕು ಮಾಡುವುದರಿಂದ ಬರುವಂಥದು. ಲೆಕ್ಕ ಕೂಡಿತು, ಅಜ್ಜನ ಸಮಾಧಾನ ಹೋಯಿತು. 230 ಎಂಬುದು 97 ಆಗಿರಲಿಲ್ಲ, 221 ಆಗಿತ್ತು. ಏರಿದ ಟ್ರೈಗ್ಲಿಸರೈಡನ್ನು ಈ ಪ್ರಮಾದ ಯಾವಾಗಲೂ ಇಳಿಸಿಯೇ ತೋರಿಸುತ್ತದೆ, ಎಂದೂ ಏರಿಸಿ ತೋರಿಸುವುದಿಲ್ಲ. ಆದುದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಒಳ್ಳೆಯ ಸುದ್ದಿಯನ್ನು ಮತ್ತೆ ಲೆಕ್ಕ ಮಾಡಿ ನೋಡುವವರು ಕಡಮೆ.

ಇದೇ ಸೂತ್ರವನ್ನು ಇಂಗ್ಲೆಂಡಿನ ಸಂಖ್ಯೆಗಳಿಗೆ ನೇರವಾಗಿ ಹಚ್ಚುವವರು ಐದರಿಂದ ಭಾಗಿಸಬಾರದು, 2.2ರಿಂದ ಭಾಗಿಸಬೇಕು. ಇದರಲ್ಲಿ ನಿಗೂಢವೇನಿಲ್ಲ. ತೂಕದಲ್ಲಿ ಐದಕ್ಕೆ ಒಂದು ಎಂಬುದು ಎಣಿಕೆಯಲ್ಲಿ 2.2ಕ್ಕೆ ಒಂದು ಆಗುತ್ತದೆ, ಏಕೆಂದರೆ ಟ್ರೈಗ್ಲಿಸರೈಡಿನ ಅಣು ಭಾರವಾದದ್ದು. ಅದೇ ತೂಕಕ್ಕೆ ಅದರ ಎಣಿಕೆ ಕಡಮೆ. 2.5ನ್ನು 2.2ರಿಂದ ಭಾಗಿಸಿದರೆ ಸುಮಾರು 1.1, 5.4ರಿಂದ 1.0 ಮತ್ತು 1.1 ಕಳೆದರೆ 3.3. ಅಲ್ಲಿಯ ವರದಿಯಲ್ಲಿ ಇದ್ದದ್ದೂ ಅದೇ. ಈ ತಾಳೆ ನೋಡುವ ವಿಧಾನಕ್ಕೆ ಒಂದು ಮಿತಿಯಿದೆ. ಟ್ರೈಗ್ಲಿಸರೈಡ್ ನಮ್ಮ ಲೆಕ್ಕದಲ್ಲಿ 400, ಅವರ ಲೆಕ್ಕದಲ್ಲಿ 4.5 ದಾಟಿದರೆ ಸೂತ್ರ ನಿಲ್ಲುವುದಿಲ್ಲ. ಎಲ್.ಡಿ.ಎಲ್. ಅನ್ನು ನೇರವಾಗಿಯೇ ಅಳೆದ ಅಥವಾ ಬೇರೆ ಸೂತ್ರ ಬಳಸುವ ಪ್ರಯೋಗಶಾಲೆಯ ವರದಿಯಲ್ಲಿಯೂ ಸ್ವಲ್ಪ ಅಂತರ ಸಹಜ.

ಅದಿರಲಿ, ಅವರ ಮೂಲ ಪ್ರಶ್ನೆ ಇನ್ನೂ ಉಳಿದಿತ್ತು. ಒಂದೇ ಮಾನಕ್ಕೆ ತಂದ ಮೇಲೆ 218 ಎಂಬುದು 209 ಆಗಿತ್ತು, 134 ಎಂಬುದು 128 ಆಗಿತ್ತು. ಇದು ಇಳಿತವೆ? ಒಬ್ಬನೇ ಮನುಷ್ಯನ ಕೊಲೆಸ್ಟೆರಾಲ್, ಯಾವ ಮಾತ್ರೆಯೂ ಇಲ್ಲದೆ, ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ನೂರಕ್ಕೆ ಐದಾರರಷ್ಟು ಏರಿಳಿಯುತ್ತದೆ. ಅದರ ಮೇಲೆ ಎರಡು ಪ್ರಯೋಗಶಾಲೆಗಳ ನಡುವಣ ಸಣ್ಣ ಭೇದ ಬೇರೆ. ಈ 9ರ ಅಂತರ ಅದರೊಳಗೇ ಅಡಗಿಹೋಗುತ್ತದೆ. ಅವರಿಗೆ ಬರೆದುಕೊಟ್ಟಿದ್ದ ಜಾತಿಯ ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡಿದ್ದರೆ ಎಲ್.ಡಿ.ಎಲ್. ಸಾಮಾನ್ಯವಾಗಿ ನೂರಕ್ಕೆ ಮೂವತ್ತರಷ್ಟಾದರೂ ಇಳಿಯುತ್ತದೆ. 134 ಇದ್ದದ್ದು 94ರ ಸುಮಾರಿಗೆ, ಇಂಗ್ಲೆಂಡಿನ ಲೆಕ್ಕದಲ್ಲಿ 2.4ಕ್ಕೆ ಬರಬೇಕಿತ್ತು, ಬಂದದ್ದು 3.3. ಹೀಗೆಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೆನಪಾದಾಗ ನುಂಗ್ತಿದ್ದೆ ಮೇಷ್ಟ್ರೇ. ಅಲ್ಲಿ ಹಗಲು ಯಾವುದು, ರಾತ್ರಿ ಯಾವುದು ಅಂತಲೇ ಗೊತ್ತಾಗ್ತಿರಲಿಲ್ಲ” ಎಂದರು. ತಂದಿದ್ದ ಮಾತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ಟಿಗೆಯಲ್ಲಿಯೇ ಉಳಿದಿದ್ದವಂತೆ. ಎರಡು ಕಾಗದಗಳನ್ನೂ ಒಂದೇ ಮಾನದಲ್ಲಿ ಬರೆದು ವೈದ್ಯರಲ್ಲಿಗೆ ಕಳುಹಿಸಿದೆ. ಮಾತ್ರೆಯನ್ನು ನಿಲ್ಲಿಸುವುದು, ಮುಂದುವರಿಸುವುದು, ಹೆಚ್ಚಿಸುವುದು ಅವರ ಕೆಲಸ. ಮಾನವನ್ನು ಸರಿಪಡಿಸುವವನಿಗೆ ಅಲ್ಲಿ ಅಧಿಕಾರವಿಲ್ಲ.

ನಮ್ಮ ಕಡೆಯ ವರದಿಗಳಲ್ಲಿ ಇನ್ನೊಂದು ಸಾಲು ಇರುತ್ತದೆ. ಅದರ ಬಗ್ಗೆ ಎಚ್ಚರ ಬೇಕು. ಒಟ್ಟು ಕೊಲೆಸ್ಟೆರಾಲನ್ನು ಎಚ್.ಡಿ.ಎಲ್.ನಿಂದ ಭಾಗಿಸಿ ಬಂದ ಅನುಪಾತವನ್ನು ಕೊನೆಯಲ್ಲಿ ಬರೆದಿರುತ್ತಾರೆ. ನಮ್ಮ ರೈತರ ವರದಿಯಲ್ಲಿ ಅದು 5.7 ಎಂದಿತ್ತು. ಪಕ್ಕದಲ್ಲಿ ಮಾನವಿಲ್ಲ. ಇಂಗ್ಲೆಂಡಿನ 5.4 ಎಂಬ ಒಟ್ಟು ಕೊಲೆಸ್ಟೆರಾಲನ್ನು ಈ 5.7ರೊಡನೆ ಹೋಲಿಸುವ ಆಸೆ ಯಾರಿಗಾದರೂ ಆದೀತು, ಏಕೆಂದರೆ ಇಡೀ ಕಾಗದದಲ್ಲಿ ಅದರ ಜೊತೆ ಸರಿಹೊಂದುವಂತೆ ಕಾಣುವ ಸಂಖ್ಯೆ ಅದೊಂದೇ. ಅದು ಕೊಲೆಸ್ಟೆರಾಲಿನ ಪ್ರಮಾಣವಲ್ಲ. ಅನುಪಾತವನ್ನು ಅನುಪಾತದೊಡನೆಯೇ ಹೋಲಿಸಬೇಕು. ಮೇಲೂ ಕೆಳಗೂ ಒಂದೇ ಪದಾರ್ಥವಿರುವುದರಿಂದ 38.67 ಎರಡು ಕಡೆಯೂ ಹೊಡೆದುಹೋಗುತ್ತದೆ, ಪರಿವರ್ತನೆ ಬೇಕಾಗುವುದಿಲ್ಲ. ಮಾನವನ್ನೇ ಬರೆಯದ ವರದಿ ಕೈಗೆ ಬಂದರೂ ಗಾಬರಿ ಬೇಡ. ದೊಡ್ಡವರ ಒಟ್ಟು ಕೊಲೆಸ್ಟೆರಾಲ್ ನಮ್ಮ ಲೆಕ್ಕದಲ್ಲಿ ನೂರರ ಮೇಲೆಯೇ ಇರುವುದು ವಾಡಿಕೆ, ಅವರ ಲೆಕ್ಕದಲ್ಲಿ ಎರಡಂಕಿ ಮುಟ್ಟುವುದು ತೀರ ಅಪರೂಪ. ಒಂದನ್ನು ಇನ್ನೊಂದೆಂದು ಭ್ರಮಿಸಲು ಆಸ್ಪದವಿಲ್ಲ.

ಅದೇ ಇಂಗ್ಲೆಂಡಿನ ಕಾಗದದಲ್ಲಿ ಸಕ್ಕರೆಯೂ ಮಿಲಿಮೋಲಿನಲ್ಲಿ ಇರುತ್ತದೆ. ಅದಕ್ಕೆ 18ರಿಂದ ಗುಣಿಸಬೇಕು. ಗ್ಲೂಕೋಸಿನ ಅಣು ಇವೆರಡಕ್ಕಿಂತಲೂ ಹಗುರ, ಕಾರಣ ಅಷ್ಟೇ.

ಕೊನೆಯದಾಗಿ ಒಂದು ಸೂಕ್ಷ್ಮ. ಇಂಗ್ಲೆಂಡಿನ ವರದಿ ಸಾಮಾನ್ಯವಾಗಿ ಒಂದೇ ದಶಮಾಂಶ ಸ್ಥಾನಕ್ಕೆ ನಿಲ್ಲುತ್ತದೆ. 5.4 ಎಂದರೆ 5.35 ಇರಬಹುದು, 5.44 ಇರಬಹುದು, ನಮ್ಮ ಲೆಕ್ಕದಲ್ಲಿ 207ರಿಂದ 210ರವರೆಗೆ ಏನೂ ಆಗಿರಬಹುದು. ಯಂತ್ರ 208.82 ಎಂದು ತೋರಿಸುತ್ತದೆಂದು ಅಷ್ಟನ್ನೂ ಬರೆದಿಡುವುದು ಯಂತ್ರದ ಮೇಲಿನ ಭಕ್ತಿಯೇ ಹೊರತು ಲೆಕ್ಕವಲ್ಲ. ಒಟ್ಟು ಕೊಲೆಸ್ಟೆರಾಲಿನಲ್ಲಿ ಇದರಿಂದ ತೊಂದರೆಯಿಲ್ಲ. ಎಚ್.ಡಿ.ಎಲ್. ಸಣ್ಣ ಸಂಖ್ಯೆಯಾದುದರಿಂದ ಅಲ್ಲಿ ತೊಂದರೆಯಿದೆ. ಗಂಡಸರಲ್ಲಿ ಅದು 40ಕ್ಕಿಂತ ಕಡಮೆಯಿದ್ದರೆ ಕಡಮೆಯೆಂದು ಎಣಿಸುವುದು ರೂಢಿ. ನಮ್ಮ ರೈತರ ವರದಿಯಲ್ಲಿದ್ದ 1.0 ಎಂಬುದು ನಿಜವಾಗಿ 0.95 ಆಗಿದ್ದರೆ 37, 1.04 ಆಗಿದ್ದರೆ 40. ಎಷ್ಟು ಜಾಗರೂಕತೆಯಿಂದ ಗುಣಿಸಿದರೂ ಆ ಕಾಗದದಿಂದ ಇದು ಗೊತ್ತಾಗುವುದಿಲ್ಲ. ಮಗಳು ಅಲ್ಲಿಯ ಪ್ರಯೋಗಶಾಲೆಯನ್ನು ಕೇಳಿ ಎರಡನೆಯ ದಶಮಾಂಶವನ್ನು ತರಿಸಿಕೊಳ್ಳಬೇಕು. ಇಲ್ಲವೆ ಮೂರು ತಿಂಗಳು ಮಾತ್ರೆಯನ್ನು ತಪ್ಪದೆ ತೆಗೆದುಕೊಂಡ ಮೇಲೆ, ಮೊದಲು ಪರೀಕ್ಷಿಸಿದ ಇಲ್ಲಿಯ ಪ್ರಯೋಗಶಾಲೆಯಲ್ಲಿಯೇ, ಅದೇ ಮಾನದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಅವರು ಎರಡನೆಯದನ್ನು ಆರಿಸಿಕೊಂಡಿದ್ದಾರೆ.